ಕನ್ನಡದಲ್ಲಿ ಸರಿ, ಇಂಗ್ಲಿಷ್‌ನಲ್ಲಿ ತಪ್ಪು

ಸ್ಲೈಡ್ 1
ಇಂಟರ್‌ವ್ಯೂ, ಆಫೀಸ್ ಕಾಲ್, ಪಿಜಿ ಓನರ್ ಜೊತೆ ಮಾತು. ಎಲ್ಲ ಕಡೆ ನಮ್ಮ ಬಾಯಿಗೆ ಬರುವ ತಪ್ಪುಗಳು ಇವು.
ಸ್ವೈಪ್ ಮಾಡಿ 👉

ಸ್ಲೈಡ್ 2
❌ ಮೈಸೆಲ್ಫ್ ಮಂಜುನಾಥ್, ಫ್ರಮ್ ದಾವಣಗೆರೆ.
✅ ಐ ಆಮ್ ಮಂಜುನಾಥ್, ಫ್ರಮ್ ದಾವಣಗೆರೆ.
ಇದಕ್ಕೆ ಮಾತ್ರ ಕನ್ನಡವನ್ನು ದೂರಬೇಡಿ. ಕನ್ನಡದಲ್ಲೂ ಯಾರೂ ಹೀಗೆ ಹೇಳಲ್ಲ!

ಸ್ಲೈಡ್ 3
❌ ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಥ್ರೀ ಇಯರ್ಸ್.
✅ ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಥ್ರೀ ಇಯರ್ಸ್.
‘2022ರಿಂದ’, ‘ಮೂರು ವರ್ಷದಿಂದ’: ನಮಗೆ ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷ್‌ಗೆ ಸಾಲದು. ಯಾವಾಗ ಶುರುವಾಯಿತು ಅಂತ ಹೇಳಿದರೆ ‘ಸಿನ್ಸ್ 2022’. ಎಷ್ಟು ಕಾಲ ಅಂತ ಹೇಳಿದರೆ ‘ಫಾರ್ ಥ್ರೀ ಇಯರ್ಸ್’. ಆಗ ಶುರುವಾದ ಕೆಲಸ ಈಗಲೂ ನಡೀತಿದೆ, ಅದಕ್ಕೇ ‘ಹ್ಯಾವ್ ಬೀನ್’ ಬಂತು.

ಸ್ಲೈಡ್ 4
❌ ಐ ಡಿಡಂಟ್ ವೆಂಟ್ ಟು ಆಫೀಸ್ ಯೆಸ್ಟರ್‌ಡೇ.
✅ ಐ ಡಿಡಂಟ್ ಗೋ ಟು ಆಫೀಸ್ ಯೆಸ್ಟರ್‌ಡೇ.
‘ಡಿಡ್’ ಇದ್ದರೆ ಭೂತಕಾಲ ಅಲ್ಲಿಗೇ ಮುಗಿಯಿತು.

ಸ್ಲೈಡ್ 5
❌ ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್.
✅ ಐ ಹ್ಯಾವ್ ಟೂ ಸಿಸ್ಟರ್ಸ್.
ಊಟ ಮಾಡ್ತಾ ಇದ್ದರೆ ‘ಹ್ಯಾವಿಂಗ್ ಲಂಚ್’ ಸರಿ. ಅಕ್ಕ ತಂಗಿಯರ ವಿಷಯಕ್ಕೆ ಬೇಡ.

ಸ್ಲೈಡ್ 6
❌ ಹಿ ಟೋಲ್ಡ್ ದಟ್ ಹಿ ವಿಲ್ ಕಮ್.
✅ ಹಿ ಸೆಡ್ ಹಿ ವುಡ್ ಕಮ್.
‘ಬರ್ತೀನಿ ಅಂತ ಹೇಳಿದ’ ಅಂದರೆ ನಮಗೆ ಸಾಕು. ‘ಟೋಲ್ಡ್’ ಬಳಸಿದರೆ ಯಾರಿಗೆ ಹೇಳಿದ ಅಂತಲೂ ಹೇಳಬೇಕು: ಹಿ ಟೋಲ್ಡ್ ಮಿ.

ಸ್ಲೈಡ್ 7
ಇದು ಬರೀ ವ್ಯಾಕರಣದ ತಪ್ಪಲ್ಲ, ಕೆಲಸಾನೇ ಕೆಡಿಸುತ್ತೆ.
ಮ್ಯಾನೇಜರ್: ಹ್ಯಾವಂಟ್ ಯು ಸೆಂಟ್ ದ ರಿಪೋರ್ಟ್?
ನೀವು ಇನ್ನೂ ಕಳಿಸಿಲ್ಲ.
❌ ಯೆಸ್, ಐ ಹ್ಯಾವಂಟ್.
✅ ನೋ, ಐ ಹ್ಯಾವಂಟ್.
‘ಕಳಿಸಿಲ್ವಾ?’ ಅಂತ ಕೇಳಿದರೆ ನಾವು ‘ಹೌದು ಸರ್, ಕಳಿಸಿಲ್ಲ’ ಅಂತೀವಿ. ಕೇಳಿದವರ ಮಾತನ್ನು ಒಪ್ಪುವ ‘ಹೌದು’ ಅದು. ಇಂಗ್ಲಿಷ್‌ನಲ್ಲಿ ಪ್ರಶ್ನೆ ಹೇಗೇ ಇರಲಿ, ಕಳಿಸಿದ್ದರೆ ಯೆಸ್, ಕಳಿಸಿಲ್ಲದಿದ್ದರೆ ನೋ. ನೀವು ಬರೀ ‘ಯೆಸ್’ ಅಂದು ಸುಮ್ಮನಾದರೆ, ಅವರು ಇನ್‌ಬಾಕ್ಸ್ ತೆರೆದು ನಿಮ್ಮ ಮೇಲ್ ಹುಡುಕ್ತಾ ಕೂತಿರ್ತಾರೆ.

ಸ್ಲೈಡ್ 8
ನಮ್ಮ ‘ಸುಮ್ನೆ’ ಮತ್ತು ‘ನಿನ್ನೆನೇ’
❌ ಸಿಂಪ್ಲಿ ಐ ಕೇಮ್.
✅ ಐ ಜಸ್ಟ್ ಡ್ರಾಪ್ಡ್ ಬೈ.
❌ ಯೆಸ್ಟರ್‌ಡೇ ಓನ್ಲಿ ಐ ಕೇಮ್.
✅ ಐ ಜಸ್ಟ್ ಕೇಮ್ ಯೆಸ್ಟರ್‌ಡೇ.
ನಮ್ಮವರ ಮಧ್ಯೆ ‘ಸಿಂಪ್ಲಿ’ ಚೆನ್ನಾಗೇ ನಡೆಯುತ್ತೆ, ಸುಮ್ನೆ ಬಿಡೋದೂ ಬೇಡ. ಕ್ಲೈಂಟ್ ಕಾಲ್‌ನಲ್ಲಿ ಮಾತ್ರ ‘ಜಸ್ಟ್’ ಇರಲಿ.

ಸ್ಲೈಡ್ 9
‘ಬಗ್ಗೆ’, ‘ಜೊತೆ’ ಕಿತ್ತು ಹಾಕಿ:
❌ ಲೆಟ್ ಅಸ್ ಡಿಸ್ಕಸ್ ಅಬೌಟ್ ಸ್ಯಾಲರಿ.
✅ ಲೆಟ್ ಅಸ್ ಡಿಸ್ಕಸ್ ಸ್ಯಾಲರಿ.
❌ ಶಿ ಮ್ಯಾರೀಡ್ ವಿತ್ ಎ ಡಾಕ್ಟರ್.
✅ ಶಿ ಮ್ಯಾರೀಡ್ ಎ ಡಾಕ್ಟರ್.
ಇಂಟರ್‌ವ್ಯೂ ಹತ್ತಿರ ಇರೋ ಫ್ರೆಂಡ್‌ಗೆ ಕಳಿಸಿ. ಅದಕ್ಕೂ ಮುಂಚೆ ಸ್ಲೈಡ್ 7 ಇನ್ನೊಮ್ಮೆ ಜೋರಾಗಿ ಓದಿ.