ಮೂರು ಬಲ್ಬು

ಕಿರುಚಿತ್ರದ ಚಿತ್ರಕಥೆ. ಪಾತ್ರ ಒಂದು, ಜಾಗ ಒಂದು, ಅವಧಿ ಸುಮಾರು 9 ನಿಮಿಷ.

ತಂಡಕ್ಕೆ ಮೊದಲು ಎರಡು ಮಾತು. ನಮ್ಮ ಹತ್ತಿರ ಇರುವುದು ಒಬ್ಬ ಕಲಾವಿದೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟವೊಂದರಲ್ಲಿ ಎಂಟಡಿ ಹತ್ತಡಿಯ ಮೋಟಾರ್ ಮನೆ, ಒಂದು ಮೊಬೈಲ್ ಕ್ಯಾಮೆರಾ, ಒಂದು ಕಾಲರ್ ಮೈಕು, ಎರಡು ರಾತ್ರಿ. ಲೈಟು ಬಾಡಿಗೆಗೆ ದುಡ್ಡಿಲ್ಲ. ಅದಕ್ಕೇ ಬೆಳಕು ಇಲ್ಲದಿರುವುದನ್ನೇ ಕಥೆ ಮಾಡಿದ್ದೇನೆ. ಕರೆಂಟ್ ಕಾಯುವ ಹೆಂಗಸಿನ ಮೇಲೆ, ಅವಳ ಬ್ಯಾಟರಿ, ಫೋನು ಬಿಟ್ಟರೆ, ಕರೆಂಟ್ ಬಂದಾಗ ಮಾತ್ರ ಬೆಳಕು ಬೀಳಬೇಕು.

ಸ್ಟಾರ್ಟರ್ ಹಲಗೆಯ ಮೇಲಿನ ಮೂರು ಝೀರೋ ಬಲ್ಬುಗಳೇ (ಕೆಂಪು, ಹಳದಿ, ನೀಲಿ) ನಮ್ಮ ಪೂರ್ತಿ ಲೈಟಿಂಗ್. ಮೂರು ಫೇಸಿಗೆ ಮೂರು ಬಲ್ಬು, ಊರಲ್ಲಿ ರೈತರು ಹಾಕಿಕೊಳ್ಳುವ ಹಾಗೆಯೇ. ನಿಜವಾದ ಥ್ರೀ ಫೇಸ್ ಲೈನು ಮುಟ್ಟಬೇಡಿ, ಹಲಗೆಯಲ್ಲಿ ಕರೆಂಟ್ ಇರಕೂಡದು. ಬಲ್ಬುಗಳಿಗೆ ಮಾತ್ರ ತೋಟದ ಮನೆಯಿಂದ ಒಂದು ವೈರು ಎಳೆದು, ಬಾಗಿಲಾಚೆ ಮೂರು ಸ್ವಿಚ್ ಇಟ್ಟುಕೊಳ್ಳೋಣ. ಸ್ಟಾರ್ಟರಿನ ಸದ್ದನ್ನೂ ನೀರಿನ ಸದ್ದನ್ನೂ ಹಗಲಲ್ಲಿ ಬೇರೆಯಾಗಿ ಹಿಡಿದು ಸೇರಿಸೋಣ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟ್ 50 ಹರ್ಟ್ಸ್, ಶಟರ್ ತಪ್ಪಿದರೆ ಚಿತ್ರ ಮಿಣುಗುತ್ತದೆ. ಕತ್ತಲಲ್ಲಿ ಕಾಳುಕಾಳಾಗಿ ಕಂಡರೆ ಕಾಣಲಿ.

ಕ್ಯಾಮೆರಾ ಒಮ್ಮೆಯೂ ಮೋಟಾರ್ ಮನೆಯಿಂದ ಹೊರಗೆ ಬರುವುದಿಲ್ಲ.

1. ಮೋಟಾರ್ ಮನೆ ಒಳಗೆ. ರಾತ್ರಿ 12.40. ಏಪ್ರಿಲ್ 2024

ಪೂರಾ ಕತ್ತಲು. ಜೀರುಂಡೆ ಸದ್ದು. ದೂರದಲ್ಲಿ ನಾಯಿ. ತರಗೆಲೆ ತುಳಿಯುವ ಹೆಜ್ಜೆ ಹತ್ತಿರ ಬರುತ್ತದೆ. ಚಿಲಕ ತೆಗೆದ ಸದ್ದು.

ಬ್ಯಾಟರಿ ಬೆಳಕು ಮೊದಲು ಒಳಗೆ ಬರುತ್ತದೆ, ಆಮೇಲೆ ಒಂದು ಕೋಲು. ಕೋಲು ಮೂಲೆಮೂಲೆ ತಟ್ಟುತ್ತದೆ: ಗೋಣಿಚೀಲದ ಹಿಂದೆ, ಪೈಪಿನ ತುಂಡುಗಳ ಸಂದಿ. ಹಾವಿಲ್ಲ. ಆಮೇಲೆ ಗೌರಮ್ಮ (52) ಒಳಗೆ ಕಾಲಿಡುತ್ತಾಳೆ. ತಲೆಗೆ ಟವಲ್ಲು, ಸೀರೆ ಮೇಲೆ ಗಂಡನ ಹಳೇ ಸ್ವೆಟರ್, ತೋಳು ಉದ್ದವಾಗಿದೆ, ಮಡಚಿಕೊಂಡಿದ್ದಾಳೆ.

ಬ್ಯಾಟರಿಯನ್ನು ಹಲಗೆಗೆ ಬಿಡುತ್ತಾಳೆ. ಮೂರು ಬಲ್ಬೂ ಸತ್ತಿವೆ. ಸ್ಟಾರ್ಟರಿನ ಹಸಿರು ಗುಂಡಿ ಬೆರಳು ಸವೆಸಿ ಬೆಳ್ಳಗಾಗಿದೆ, ಕೆಂಪು ಗುಂಡಿ ಹೊಸದರಂತಿದೆ.

ಇಟ್ಟಿಗೆ ಮೇಲೆ ಮಡಚಿಟ್ಟ ಗೋಣಿ, ತಲೆದಿಂಬಿನಂತೆ. ನಡುವೆ ತಲೆಯ ಅಚ್ಚು. ಗೌರಮ್ಮ ಅದನ್ನು ನೋಡಿ, ಅದರ ಮೇಲೆ ಕೂರದೆ ಪಕ್ಕದಲ್ಲಿ ನೆಲಕ್ಕೆ ಕೂರುತ್ತಾಳೆ. ಸೆಲ್ಲು ಉಳಿಸಲು ಬ್ಯಾಟರಿ ಆರಿಸುತ್ತಾಳೆ.

ಕತ್ತಲು. ಹತ್ತು ಸೆಕೆಂಡ್ ಅವಳ ಉಸಿರು ಮಾತ್ರ. (ಎಡಿಟಿಂಗಿನಲ್ಲಿ ಇದನ್ನು ಕತ್ತರಿಸಬೇಡಿ.)

2. ಅಲ್ಲೇ. 12.55

ಫೋನ್ ರಿಂಗಾಗುತ್ತದೆ. ಪರದೆಯ ಬೆಳಕು ಅವಳ ಕೆನ್ನೆಗೆ ಬೀಳುತ್ತದೆ. ಆ ಕಡೆಯ ದನಿ ನಮಗೆ ಕೇಳುವುದೇ ಇಲ್ಲ. ಮಗ ಏನಂದ ಎನ್ನುವುದು ಅವಳು ಸುಮ್ಮನಿರುವ ರೀತಿಯಲ್ಲೇ ತಿಳಿಯಬೇಕು.

ಗೌರಮ್ಮ: ಇನ್ನೂ ಎದ್ದಿದ್ದೀಯಾ ಮಗಾ? ... ಹೂಂ, ಬಂದಿವ್ನಿ. ... ಒಬ್ಳೇ ಕಣಪ್ಪ, ಇನ್ಯಾರು ಬತ್ತಾರೆ.

(ಬಹಳ ಹೊತ್ತು ಕೇಳುತ್ತಾಳೆ.)

ಗೌರಮ್ಮ: ಆಟೋ ಹಾಕ್ಸಿದ್ರೆ ಕರೆಂಟ್ ಬಂದಾಗ ಮೋಟ್ರು ತಾನಾಗೇ ಆನ್ ಆಯ್ತದೆ, ನಂಗೂ ಗೊತ್ತು. ನಿಮ್ಮಪ್ಪ ಬ್ಯಾಡ ಅಂದಿದ್ರು. ... ಯಾಕೆ ಅಂತ ನಾ ಕೇಳ್ಲಿಲ್ಲ.

(ಇನ್ನೂ ಕೇಳುತ್ತಾಳೆ. ಮುಖ ಬಿಗಿಯುತ್ತದೆ.)

ಗೌರಮ್ಮ: ತೋಟ ಕೊಡೋ ಮಾತು ಈಗ್ಯಾಕೆ? ತಿಥಿ ಆಗಿ ಇನ್ನೂ ತಿಂಗ್ಳಾಗಿಲ್ಲ. ... ನೀರು ಐತಲ್ಲೋ! ರಾತ್ರೆಲ್ಲಾ ನೀರು ಬಿಟ್ಟು ಬೆಳಗಿನ ಜಾವುಕ್ಕೆ ಬತ್ತಿದ್ರು ನಿಮ್ಮಪ್ಪ. ... ಮಲಿಕ್ಕ ಹೋಗು. ಬೆಳಿಗ್ಗೆ ಕೆಲ್ಸುಕ್ಕೆ ಹೋಗ್ಬೇಕು.

ಪರದೆ ಆರುತ್ತದೆ.

3. ಅಲ್ಲೇ. 1.10

ಕೆಂಪು ಬಲ್ಬು ಹೊತ್ತುತ್ತದೆ. ಇಡೀ ಕೋಣೆ ಕೆಂಪಾಗುತ್ತದೆ. ಗೌರಮ್ಮ ತಟ್ಟನೆ ಏಳುತ್ತಾಳೆ. ಕಾಯುತ್ತಾಳೆ. ಒಂದೇ.

ಆ ಕೆಂಪು ಬೆಳಕಲ್ಲಿ ಹಲಗೆಯ ಪಕ್ಕದ ಗೋಡೆ ಮೊದಲ ಸಲ ಕಾಣುತ್ತದೆ. ಗೋಡೆ ತುಂಬಾ ಇದ್ದಿಲಿನ ಬರಹ, ಸಣ್ಣ ಸಣ್ಣ ಅಕ್ಷರ, ಒತ್ತೊತ್ತಾಗಿ, ಸಾಲು ಸಾಲು. ಅವಳು ಹತ್ತಿರ ಹೋಗುತ್ತಾಳೆ. ಕ್ಯಾಮೆರಾ ಅವಳ ಬೆರಳಿನ ಹಿಂದೆ:

14-2-19 – 5 ಗಂಟೆ
15-2-19 – 5 ಗಂಟೆ

ಬೆರಳು ಕೆಳಗಿಳಿಯುತ್ತದೆ.

2-3-22 – 3 ಗಂಟೆ
20-11-23 – 1 ಗಂಟೆ 10 ನಿ

ಬೆರಳು ನಿಧಾನವಾಗುತ್ತದೆ.

6-3-24 – 40 ನಿ
7-3-24 – 35 ನಿ

ಅದರ ಕೆಳಗೆ ಬರೀ ಗೋಡೆ.

ಗೌರಮ್ಮ (ಗೋಡೆಗೆ): ಮೂವತ್ತೈದು ನಿಮಿಷ?

ತಿರುಗಿ ಗೋಣಿ ದಿಂಬನ್ನು ನೋಡುತ್ತಾಳೆ. ತಲೆಯ ಅಚ್ಚನ್ನು ನೋಡುತ್ತಾಳೆ.

ಗೌರಮ್ಮ: ನೀರು ನಿಂತ್ಮೇಲೂ ಇಲ್ಲೇ ಬಿದ್ದಿರ್ತಿದ್ರಾ. ಬೆಳಗಾಗೋಗಂಟ. (ತಡೆದು) ನಾ ಕೇಳ್ತೀನಿ ಅಂತ.

ಈ ಮಾತಿಗೆ ಅಳು ಬೇಡ. ಸಿಟ್ಟೂ ಇರಲಿ. ಐದು ವರ್ಷ ಗೋಡೆಗೆ ಬರೆದವರು ತನಗೆ ಒಂದು ಮಾತು ಹೇಳಲಿಲ್ಲವಲ್ಲ ಎನ್ನುವ ಸಿಟ್ಟು.

4. ಅಲ್ಲೇ. 1.25

ಹಳದಿ ಹೊತ್ತುತ್ತದೆ. ಕೋಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನೀಲಿ ಇನ್ನೂ ಸತ್ತಿದೆ.

ಅವಳ ಹೆಬ್ಬೆರಳು ಹಸಿರು ಗುಂಡಿಯ ಮೇಲೆ. ಎರಡೇ ಫೇಸಿನಲ್ಲಿ ಒತ್ತಿದರೆ ಮೋಟಾರು ಸುಟ್ಟುಹೋಗುತ್ತದೆ. ಇದನ್ನು ನೋಡುಗರಿಗೆ ಅವಳು ಹೇಳಿಕೊಳ್ಳುವ ಒಂದೇ ಸಾಲು ತಿಳಿಸಬೇಕು:

ಗೌರಮ್ಮ (ತನಗೆ ತಾನೇ): ಮೂರೂ ಬರ್ಬೇಕು. ಎರಡಕ್ಕೆ ಒತ್ತಿದ್ರೆ ಕಾಯ್ಲು ಸುಟ್ಟೋಯ್ತದೆ.

ಬೆರಳು ತೆಗೆಯುವುದಿಲ್ಲ, ಒತ್ತುವುದೂ ಇಲ್ಲ. ನೀಲಿ ಬಲ್ಬಿನ ಮೇಲೆ ಅವಳ ಕಣ್ಣು. ಈ ಶಾಟ್ ಒಂದು ನಿಮಿಷ ನಡೆಯಲಿ. ಇಡೀ ಚಿತ್ರ ನಿಂತಿರುವುದು ಇದರ ಮೇಲೆ. ನೀಲಿಯ ಸ್ವಿಚ್ ನನ್ನ ಕೈಯಲ್ಲಿರುತ್ತದೆ, ಯಾವಾಗ ಹಾಕುತ್ತೇನೆಂದು ಕಲಾವಿದೆಗೆ ಮುಂಚೆ ಹೇಳುವುದಿಲ್ಲ.

ನೀಲಿ ಹೊತ್ತುತ್ತದೆ.

ಅವಳು ಒತ್ತುತ್ತಾಳೆ. ಟಕ್. ಸ್ಟಾರ್ಟರ್ ಗುಂಯ್‌ಗುಡುತ್ತದೆ. ಮೋಟಾರು ಕೊಳವೆಬಾವಿಯೊಳಗೆ ಆರುನೂರು ಅಡಿ ಕೆಳಗಿದೆ, ಅದನ್ನು ತೋರಿಸುವ ಪ್ರಶ್ನೆಯೇ ಇಲ್ಲ. ಕೆಲವು ಕ್ಷಣ ಏನೂ ಇಲ್ಲ, ಆಮೇಲೆ ಪೈಪಿನೊಳಗೆ ಗಾಳಿ ಕೆಮ್ಮುತ್ತದೆ. ಹೊರಗೆ ತೊಟ್ಟಿಗೆ ನೀರು ಧುಮುಕುವ ಸದ್ದು.

ಗೌರಮ್ಮ ಬಾಗಿಲ ಕಡೆ ನೋಡುತ್ತಾಳೆ. ನೀರು ನಮಗೆ ಕಾಣುವುದಿಲ್ಲ. ಫೋನ್ ತೆಗೆದು ಟೈಮು ನೋಡುತ್ತಾಳೆ: 1.31.

5. ಅಲ್ಲೇ. 1.56

ಅವಳು ಈಗ ಗೋಣಿಯ ಮೇಲೆ ಕೂತಿದ್ದಾಳೆ. ನೀರಿನ ಸದ್ದು ತೆಳುವಾಗುತ್ತದೆ, ತುಂಡಾಗುತ್ತದೆ, ಬರೀ ಗಾಳಿ. ಓಡಿ ಕೆಂಪು ಗುಂಡಿ ಒತ್ತುತ್ತಾಳೆ. ಟಕ್. ನಿಶ್ಶಬ್ದ.

ಗೌರಮ್ಮ: ಅದುಕ್ಕೇ ಆಟೋ ಬ್ಯಾಡ ಅಂದಿದ್ದು. ಖಾಲಿ ಓಡಿ ಮೋಟ್ರೂ ಹೋಗಿರೋದು.

ಫೋನ್ ಮತ್ತೆ ರಿಂಗಾಗುತ್ತದೆ. ಮೂರು ರಿಂಗು ಬಿಟ್ಟು ಎತ್ತುತ್ತಾಳೆ.

ಗೌರಮ್ಮ: ನಿದ್ದೆ ಬರ್ಲಿಲ್ವಾ? ... ಹೂಂ, ಬಂತು. ... ನೀರಾ?

(ಗೋಡೆ ನೋಡುತ್ತಾಳೆ.)

ಗೌರಮ್ಮ: ಇಪ್ಪತ್ತೈದು ನಿಮಿಷ ಬಂತು ಮಗಾ. ಅಷ್ಟೇ. ... ಇಲ್ಲ, ಇವತ್ತಿಂದಲ್ಲ. ನಿಮ್ಮಪ್ಪ ಬರ್ದಿಟ್ಟವ್ರೆ. ... ಭಾನುವಾರ ಬಾ. ಬಂದು ನೀನೇ ಓದು.

ಫೋನ್ ಇಡುತ್ತಾಳೆ. ಸ್ಟಾರ್ಟರಿನ ತಗಡಿನ ಮೇಲಿದ್ದ ಇದ್ದಿಲ ಚೂರು ತೆಗೆದುಕೊಂಡು ಗೋಡೆಗೆ ಹತ್ತಿರ ನಿಲ್ಲುತ್ತಾಳೆ. ನೀಲಿ ಆರುತ್ತದೆ. ಹಳದಿ ಆರುತ್ತದೆ. ಕೆಂಪು ಬೆಳಕಲ್ಲಿ ಅವಳ ಕೈ ಏಳುತ್ತದೆ. ಕೆಂಪೂ ಆರುತ್ತದೆ.

ಕತ್ತಲು. ಒರಟು ಗೋಡೆಯ ಮೇಲೆ ಇದ್ದಿಲು ಗೀಚುವ ಸದ್ದು, ತಡವರಿಸುತ್ತಾ, ಒಂದೊಂದೇ ಅಂಕಿ.