ನೀರುಗುಳ್ಳೆ

ರಂಗಪ್ಪನವರು ಸ್ಕ್ಯಾನಿಂಗ್ ರಿಪೋರ್ಟನ್ನು ಜೋಳದ ಬೀಜದ ಖಾಲಿ ಕವರಿನಲ್ಲಿ ಸುತ್ತಿ ತಂದಿದ್ದರು. ಮೇಜಿನ ಮೇಲಿಟ್ಟು, ನಿಂತೇ ಕೇಳಿದರು: “ಹಸುವಿಗೆ ಗಿರಾಕಿ ಬಂದಿದ್ದಾನೆ ಅಮ್ಮ. ಕೊಟ್ಟುಬಿಡಲೇ?”

ರಿಪೋರ್ಟಿಗೂ ಹಸುವಿಗೂ ಏನು ನಂಟು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕೆನೋವು ಎಂದು ಬಂದಿದ್ದವರನ್ನು ನಾನೇ ತಿಪಟೂರಿಗೆ ಸ್ಕ್ಯಾನಿಂಗಿಗೆ ಕಳಿಸಿದ್ದೆ, ಕಲ್ಲಿರಬಹುದು ಎಂಬ ಅನುಮಾನದಿಂದ. ಕಲ್ಲಿರಲಿಲ್ಲ. ಬಲ ಮೂತ್ರಪಿಂಡದಲ್ಲಿ 23 ಮಿಲಿಮೀಟರ್ ಅಳತೆಯ ‘ಸಿಂಪಲ್ ಕಾರ್ಟಿಕಲ್ ಸಿಸ್ಟ್’ ಇದೆ ಎಂದು ಬರೆದಿದ್ದರು. ಅದನ್ನು ಸೊಸೆ ಓದಿದಳು, ಸಿಸ್ಟ್ ಎಂದರೆ ಗಡ್ಡೆ ಎಂದು ಭಾಮೈದ ಅರ್ಥ ಹೇಳಿದ, ಗಡ್ಡೆ ಎಂದಮೇಲೆ ಬೆಂಗಳೂರಿನ ಕಿದ್ವಾಯಿಯೇ ಗತಿ ಎಂದು ಅರಳಿಕಟ್ಟೆ ತೀರ್ಮಾನಿಸಿತು. ‘ಸಿಂಪಲ್’ ಎಂಬ ಪದವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನ ಕಣ್ಣು ಬೇರೆ ಹಾಳೆಯ ಮೇಲಿತ್ತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6.

“ಮಂಡಿನೋವಿಗೆ ಏನು ನುಂಗುತ್ತೀರಿ?”

“ಅದೇನು ದೊಡ್ಡ ವಿಷಯವಲ್ಲ ಬಿಡಿ ಅಮ್ಮ. ಅಂಗಡಿಯಲ್ಲಿ ಕೊಡುತ್ತಾನಲ್ಲ, ಬೆಳಿಗ್ಗೆ ಒಂದು, ರಾತ್ರಿ ಒಂದು. ಕಳೆದ ವರ್ಷ ರಾಗಿ ಕೊಯ್ಲಿನಿಂದ ಶುರು.”

ಬಾಯಲ್ಲಿ ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸುತ್ತಾರೆ ಎಂದು ನನಗೆ ಗೊತ್ತು. ಬಸ್ಸು ಇಳಿಯುವ ಹೊತ್ತಿಗೆ ಅದು ಬೇರೆಯಾಗಿರುತ್ತದೆ, ಭಾಮೈದನ ಎದುರು ಕುಳಿತಾಗ ಇನ್ನೂ ಬೇರೆ. ಬರೆದುಕೊಡುತ್ತೇನೆ ಎಂದೆ. ಹೊರಗೆ ಬಾಣಂತಿಯರ ಸಾಲು ಬೆಳೆಯುತ್ತಿತ್ತು. ನರ್ಸ್ ಎರಡು ಸಲ ಇಣುಕಿ ಹೋದರು.

ಮೊದಲ ಹಾಳೆಯಲ್ಲಿ ‘ಭಯಪಡಬೇಡಿ’ ಎಂದು ಆರಂಭಿಸಿ, ನಿಲ್ಲಿಸಿದೆ. ಭಯಪಡುವಂಥದ್ದು ಇದ್ದಾಗಲೇ ಡಾಕ್ಟರುಗಳು ಹಾಗೆ ಹೇಳುವುದು ಎಂದು ನಮ್ಮ ಊರುಗಳಲ್ಲಿ ಮಕ್ಕಳಿಗೂ ಗೊತ್ತು. ಹರಿದೆ. ಎರಡನೆಯದರಲ್ಲಿ ‘ಇದು ಕೆಟ್ಟ ಗಡ್ಡೆಯಲ್ಲ’ ಎಂದು ಬರೆದೆ. ಓದುವವರ ಕಣ್ಣಿಗೆ ಬೀಳುವುದು ಕೆಟ್ಟ, ಗಡ್ಡೆ ಎಂಬ ಎರಡೇ ಪದ. ಅದೂ ಬುಟ್ಟಿಗೆ ಹೋಯಿತು. ‘ಏನೂ ಇಲ್ಲ’ ಎಂದು ಮುಗಿಸಿಬಿಡುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಆದರೆ 1.6 ಇತ್ತಲ್ಲ.

ಮೂರನೆಯ ಹಾಳೆ, ಸೊಸೆ ಓದಲೆಂದು ದಪ್ಪ ಅಕ್ಷರಗಳಲ್ಲಿ:

“ರಂಗಪ್ಪನವರಿಗೆ,

ನಿಮ್ಮ ಬಲ ಮೂತ್ರಪಿಂಡದ ಮೇಲೆ ಒಂದು ನೀರುಗುಳ್ಳೆ ಇದೆ. ಹಾರೆ ಹಿಡಿದಾಗ ಅಂಗೈಯಲ್ಲಿ ಏಳುವ ಬೊಬ್ಬೆಯ ಹಾಗೆ, ತೆಳುವಾದ ಪೊರೆ, ಒಳಗೆ ತಿಳಿನೀರು. ಐವತ್ತು ದಾಟಿದ ಬಹಳ ಜನರಿಗೆ ಇರುತ್ತದೆ. ಸ್ಕ್ಯಾನಿಂಗಿನಲ್ಲಿ ಇದು ಸಾದಾ ಗುಳ್ಳೆಯಾಗಿಯೇ ಕಂಡಿದೆ. ಇದು ಕ್ಯಾನ್ಸರ್ ಅಲ್ಲ. ಆಪರೇಷನ್ ಬೇಡ, ಇದಕ್ಕೆ ಮಾತ್ರೆಯೂ ಬೇಡ. ನಿಮ್ಮ ಪಕ್ಕೆನೋವು ಸೊಂಟದ ಸ್ನಾಯುವಿನದು. ಕೈಯಿಂದ ಒತ್ತಿ ನೋಡಿದ್ದೇನೆ.

ನಾನು ಯೋಚಿಸುತ್ತಿರುವುದು ಇನ್ನೊಂದು ವಿಷಯದ ಬಗ್ಗೆ. ರಕ್ತದ ಕಸ ಸೋಸುವುದು ಮೂತ್ರಪಿಂಡದ ಕೆಲಸ. ಆ ಕಸದಲ್ಲಿ ಒಂದರ ಅಳತೆ ಸುಮಾರು 1.2ರ ಒಳಗಿರಬೇಕು, ನಿಮ್ಮದು 1.6 ಇದೆ. ಮಂಡಿಗೆ ನುಂಗುತ್ತಿರುವ ನೋವಿನ ಮಾತ್ರೆಯಿಂದ ಹೀಗಾಗಿರಬಹುದು. ಅದನ್ನು ಇಂದೇ ನಿಲ್ಲಿಸಿ. ಅದರ ಬದಲು ನಾನು ಬರೆದಿರುವ ಪ್ಯಾರಾಸಿಟಮಾಲ್ ಮಾತ್ರ, ಹೇಳಿದಷ್ಟೇ. ಹೊಲಕ್ಕೆ ಹೋಗುವಾಗ ನೀರು ಒಯ್ಯಿರಿ. ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಿ. ಅಳತೆ ಇಳಿದೇ ಇಳಿಯುತ್ತದೆ ಎಂದು ಈಗಲೇ ಮಾತು ಕೊಡಲಾರೆ, ಆದರೆ ಸಮಯಕ್ಕೆ ಸರಿಯಾಗಿ ಬಂದಿದ್ದೀರಿ.

ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಚಳಿಜ್ವರ ಬಂದರೆ ಎರಡು ವಾರ ಕಾಯದೆ ಅಂದೇ ಬನ್ನಿ.

ಹಸುವನ್ನು ಮಾರಬೇಡಿ.”

ಕೊನೆಯ ಸಾಲು ವೈದ್ಯಶಾಸ್ತ್ರಕ್ಕೆ ಸೇರಿದ್ದಲ್ಲ. ಹೊಡೆದುಹಾಕೋಣ ಎಂದುಕೊಂಡು ಹಾಗೆಯೇ ಬಿಟ್ಟೆ. ಕೆಳಗೆ ಗೋಡಂಬಿಯಂಥ ಒಂದು ಚಿತ್ರ ಬರೆದು, ಅದರ ಅಂಚಿನಲ್ಲಿ ಸಣ್ಣ ಸೊನ್ನೆ ಸುತ್ತಿದೆ.

ಓದಿ ಹೇಳಿದೆ. ರಂಗಪ್ಪನವರು ಆ ಸೊನ್ನೆಯ ಮೇಲೆ ಬೆರಳಿಟ್ಟು, “ಇಷ್ಟೆಯೇ?” ಎಂದರು. ಅನಂತರ ಕುರ್ಚಿ ಎಳೆದುಕೊಂಡು ಕುಳಿತರು. ಬಂದಾಗಿನಿಂದ ಆಗಲೇ ಮೊದಲು.

“ಒಂದು ಸೀಲು ಒತ್ತಿಕೊಡಿ ಅಮ್ಮ. ಸೀಲಿಲ್ಲದ ಕಾಗದವನ್ನು ನನ್ನ ಭಾಮೈದ ನಂಬುವುದಿಲ್ಲ.”

ಒತ್ತಿದೆ. ಶಾಯಿ ಆರಲೆಂದು ಊದಿ, ಚೀಟಿಯನ್ನು ರಿಪೋರ್ಟಿನ ಮೇಲಿಟ್ಟು ಮತ್ತೆ ಅದೇ ಬೀಜದ ಕವರಿನಲ್ಲಿ ಸುತ್ತಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಅಂಗಿಯ ಜೇಬಿನಿಂದ ಅರ್ಧ ಖಾಲಿಯಾದ ನೋವಿನ ಮಾತ್ರೆಯ ಹಾಳೆ ತೆಗೆದರು.

“ಇದರಲ್ಲಿ ಇನ್ನೂ ನಾಲ್ಕು ಉಳಿದಿವೆ. ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೆಯೇ?”