ತುರ್ತು ಎಚ್ಚರಿಕೆ: ಶೆಟ್ಟಿಹಳ್ಳಿ ರಸ್ತೆ ಬಡಾವಣೆ, ತುಮಕೂರು. ರಾಜಕಾಲುವೆ ಉಕ್ಕಿದೆ, ಕರೆಂಟ್ ಇಲ್ಲ

ಸಂದೇಶ 1. ಅಕ್ಟೋಬರ್ 14, ಮಂಗಳವಾರ, ರಾತ್ರಿ 9:40

3, 4 ಮತ್ತು 5ನೇ ಕ್ರಾಸಿನ ತಗ್ಗಿನ ಕಡೆ ರಾಜಕಾಲುವೆ ಉಕ್ಕಿ ರಸ್ತೆಗೆ ನೀರು ಬಂದಿದೆ. 4ನೇ ಕ್ರಾಸಿನ ಕೊನೆಯಲ್ಲಿ ಮೊಣಕಾಲುದ್ದ ನಿಂತಿದೆ, ಏರುತ್ತಿದೆ. 1, 2, 6, 7ನೇ ಕ್ರಾಸಿನಲ್ಲಿ ಈಗ ನೀರಿಲ್ಲ. ಇಡೀ ಬಡಾವಣೆಗೆ 9:15ರಿಂದ ಕರೆಂಟ್ ಇಲ್ಲ.

ಖಚಿತಪಡಿಸಿಕೊಂಡಿದ್ದು: ನೀರನ್ನು ನಮ್ಮ ಇಬ್ಬರು ಮಹಡಿ ಮೇಲಿಂದ ಟಾರ್ಚ್ ಬಿಟ್ಟು ನೋಡಿದ್ದಾರೆ. ಕರೆಂಟ್ ವಿಷಯ ಬೆಸ್ಕಾಂ ಸೆಕ್ಷನ್ ಕಚೇರಿಗೆ ಫೋನ್ ಮಾಡಿ ಕೇಳಿದ್ದೇವೆ: 4ನೇ ಕ್ರಾಸಿನ ಟಿಸಿ ಕಟ್ಟೆಯವರೆಗೆ ನೀರು ಬಂದದ್ದರಿಂದ ಫೀಡರನ್ನು ಅವರೇ ಬಂದ್ ಮಾಡಿದ್ದಾರೆ. ನೀರು ಇಳಿಯುವ ತನಕ ಚಾರ್ಜ್ ಮಾಡುವುದಿಲ್ಲ. ಇಂಥ ಗಂಟೆಗೆ ಕೊಡುತ್ತೇವೆ ಎಂದು ಅವರು ಹೇಳಿಲ್ಲ, ಆದ್ದರಿಂದ ನಾವೂ ಹೇಳುವುದಿಲ್ಲ.

3, 4, 5ನೇ ಕ್ರಾಸಿನ ನೆಲಮಹಡಿಯವರು ಈಗಲೇ ಮೇಲಿನ ಮಹಡಿಗೆ ಹೋಗಿ. ನಿಮ್ಮದು ಒಂದೇ ಮಹಡಿಯ ಮನೆಯಾಗಿದ್ದರೆ 2ನೇ ಕ್ರಾಸಿನ ಗಣಪತಿ ದೇವಸ್ಥಾನದ ಸಮುದಾಯ ಭವನ ತೆರೆದಿದೆ, ಅಲ್ಲಿಗೆ ಬನ್ನಿ. ಮಾತ್ರೆ, ಆಧಾರ್, ಚಾರ್ಜರ್, ಮಗುವಿನ ಹಾಲು, ಒಂದು ಬಾಟಲಿ ನೀರು: ಇಷ್ಟೇ ತನ್ನಿ. ಬೀರು ತೆಗೆದು ಸಾಮಾನು ಜೋಡಿಸಲು ನಿಲ್ಲಬೇಡಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ ಬನ್ನಿ, ತೇಲುವ ಸಿಲಿಂಡರ್ ಪೈಪನ್ನು ಎಳೆದು ಕಿತ್ತುಹಾಕುತ್ತದೆ.

ಕೈ ಒಣಗಿದ್ದು, ನಿಂತ ಜಾಗವೂ ಒಣಗಿದ್ದರೆ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ. ಜೊತೆಗೆ ಯುಪಿಎಸ್ ಕೂಡ ಆಫ್ ಮಾಡಿ. ಇದನ್ನೇ ಎಲ್ಲರೂ ಮರೆಯುವುದು. ಬೀದಿಯಲ್ಲಿ ಕರೆಂಟ್ ಇಲ್ಲದಿದ್ದರೂ, ಮೇನ್ ಇಳಿಸಿದ್ದರೂ, ಯುಪಿಎಸ್ ತನ್ನ ಬ್ಯಾಟರಿಯಿಂದ ಮನೆಯ ವೈರಿಂಗಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ನೆಲದ ಹತ್ತಿರದ ಸಾಕೆಟ್ ಮುಳುಗಿದ್ದರೆ ಆ ನೀರಿನಲ್ಲಿ ಶಾಕ್ ಇರಬಹುದು. ನೀರು ಈಗಾಗಲೇ ಸಾಕೆಟ್ ಮುಟ್ಟಿದ್ದರೆ ಆ ಕೋಣೆಗೆ ಕಾಲಿಡಬೇಡಿ.

ಸಂಪಿನ ಮೋಟರ್ ಹಾಕಬೇಡಿ, ಕರೆಂಟ್ ಬಂದ ಮೇಲೂ. ಚರಂಡಿ ನೀರು ಸಂಪಿಗೆ ಇಳಿದಿದ್ದರೆ ಅದೇ ನೀರು ಓವರ್‌ಹೆಡ್ ಟ್ಯಾಂಕಿಗೂ ಏರುತ್ತದೆ. ಈಗ ನಿಮ್ಮ ಬಳಿ ಇರುವ ಒಳ್ಳೆಯ ನೀರು ಆ ಟ್ಯಾಂಕಿನದೊಂದೇ.

ಜೀವಾಪಾಯವಿದ್ದರೆ 112. ಆಂಬುಲೆನ್ಸ್ 108. ತಂತಿ ಬಿದ್ದಿದ್ದರೆ, ಕಿಡಿ ಕಂಡರೆ ಬೆಸ್ಕಾಂ 1912. ಮನೆಗೆ ನೀರು ನುಗ್ಗಿದರೆ ಜಿಲ್ಲಾ ನಿಯಂತ್ರಣ ಕೊಠಡಿ 1077. ಮೊದಲು ಅಲ್ಲಿಗೆ ಕರೆ ಮಾಡಿ, ಆಮೇಲೆ ಗುಂಪಿಗೆ ತಿಳಿಸಿ.

ಮುಂದಿನ ಸಂದೇಶ 10:30ಕ್ಕೆ, ಹೊಸ ವಿಷಯ ಇರಲಿ ಇಲ್ಲದಿರಲಿ. ಅಲ್ಲಿಯವರೆಗೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನು ಬದಲಿಸಿದ್ದೇವೆ. ಸಹಾಯ ಬೇಕಾದವರು ನಿಮ್ಮ ಕ್ರಾಸಿನ ಪ್ರತಿನಿಧಿಗೆ ನೇರವಾಗಿ ಮೆಸೇಜ್ ಮಾಡಿ. ಬರೆಯುವ ರೀತಿ: "4ನೇ ಕ್ರಾಸ್, ಮನೆ 38, ನೆಲಮಹಡಿ, ಮೂವರು, ಒಬ್ಬರು ನಡೆಯಲಾರರು, ನೀರು ಮಂಚದ ಕಾಲಿನವರೆಗೆ." ವಾಯ್ಸ್ ಮೆಸೇಜ್ ಬೇಡ. ನೆಟ್‌ವರ್ಕ್ ಸೋತಾಗ ಅದು ಹೋಗುವುದಿಲ್ಲ, ಇಂಥ ಒಂದು ಸಾಲು ಹೋಗುತ್ತದೆ.

ಸಂದೇಶ 2. ರಾತ್ರಿ 10:30

"ಮೇಲಿನ ಕೆರೆ ಏರಿ ಒಡೆದಿದೆ" ಎಂಬ ವಿಡಿಯೋ ಮೂರು ಗುಂಪುಗಳಿಂದ ಬಂದಿದೆ. ಸುಳ್ಳು. ವಿಡಿಯೋದಲ್ಲಿರುವುದು ಹಗಲು, ಈಗ ರಾತ್ರಿ. ಅಷ್ಟೇ ಸಾಕಿತ್ತು, ಆದರೂ 1077ಕ್ಕೆ ಫೋನ್ ಮಾಡಿ ವಿಚಾರಿಸಿದ್ದೇವೆ. ಕೆರೆ ಕೋಡಿ ಬಿದ್ದಿದೆ, ಏರಿ ಭದ್ರವಾಗಿದೆ. ಕೋಡಿ ಬೀಳುವುದೆಂದರೆ ತುಂಬಿದ ಕೆರೆಯ ನೀರು ತನ್ನ ದಾರಿಯಲ್ಲೇ ಹೊರಹೋಗುವುದು. ಆ ನೀರು ಸೇರುವುದು ನಮ್ಮ ರಾಜಕಾಲುವೆಗೇ. ಹಾಗಾಗಿ ಮಳೆ ನಿಂತ ಮೇಲೂ ಒಂದೆರಡು ಗಂಟೆ ನೀರು ಏರಬಹುದು. ಮಳೆ ನಿಂತಿತೆಂದು ಕೆಳಗಿಳಿಯಬೇಡಿ.

4ನೇ ಕ್ರಾಸಿನ ಕೊನೆಯಲ್ಲಿ ನೀರು ತೊಡೆಯವರೆಗೆ ಬಂದಿದೆ. 3 ಮತ್ತು 5ರಲ್ಲಿ ಮೊಣಕಾಲಿಗಿಂತ ಕೆಳಗೆ. ಸಮುದಾಯ ಭವನದಲ್ಲಿ ಈಗ 22 ಮಂದಿ ಇದ್ದಾರೆ, ಇನ್ನೂ ಜಾಗವಿದೆ.

ಶೆಟ್ಟಿಹಳ್ಳಿ ಅಂಡರ್‌ಪಾಸ್ ತುಂಬಿದೆ, ಪೊಲೀಸರು ಬ್ಯಾರಿಕೇಡ್ ಹಾಕಿದ್ದಾರೆ. ಡ್ಯೂಟಿ ಮುಗಿಸಿ ಬರುವ ಮನೆಯವರಿಗೆ ಈಗಲೇ ತಿಳಿಸಿ: ಊರೊಳಗೆ ನೆಂಟರ ಮನೆಯಲ್ಲಿ ಉಳಿಯಲಿ, ಬರಲೇಬೇಕಿದ್ದರೆ ರಿಂಗ್ ರಸ್ತೆ ಕಡೆಯಿಂದ ಸುತ್ತಿ ಬರಲಿ. ಬೈಕು ದಾಟಿತು, ಕಾರು ದಾಟದೇ ಎಂಬ ಲೆಕ್ಕ ಬೇಡ. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಬಲ್ಲದು, ಎರಡು ಅಡಿಗೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ. ದೊಡ್ಡವರನ್ನು ಬೀಳಿಸಲು ಅರ್ಧ ಅಡಿ ರಭಸದ ನೀರು ಸಾಕು. 4ನೇ ಕ್ರಾಸಿನಲ್ಲಿ ಎರಡು ಯುಜಿಡಿ ಮ್ಯಾನ್‌ಹೋಲ್ ಮುಚ್ಚಳ ಎದ್ದಿವೆ, ನೀರಿನ ಮೇಲಿಂದ ಕಾಣುವುದಿಲ್ಲ. ಸಂಪಿನ ಮುಚ್ಚಳವೂ ಹಾಗೆಯೇ ತೇಲಿಹೋಗುತ್ತದೆ, ನಿಮ್ಮದೇ ಅಂಗಳವಾದರೂ ಇಳಿಯಬೇಡಿ.

ಜನರೇಟರ್ ಇರುವವರು ಇದನ್ನು ಎರಡು ಸಲ ಓದಿ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರಿನ ವೈರನ್ನು ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟ್ ಕೊಡಬೇಡಿ. ಆ ಕರೆಂಟ್ ಮೀಟರ್ ದಾಟಿ ಬೀದಿ ಲೈನಿಗೆ, ಅಲ್ಲಿಂದ ಟಿಸಿಗೆ ಹಿಂದಕ್ಕೆ ಹೋಗುತ್ತದೆ. 11 ಸಾವಿರ ವೋಲ್ಟನ್ನು ಇಳಿಸುವ ಅದೇ ಟಿಸಿ ಹಿಂದಿನಿಂದ ಕರೆಂಟ್ ಬಂದರೆ ಏರಿಸುತ್ತದೆ. ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುತ್ತಾರೆ. ಫ್ರಿಜ್ಜನ್ನೋ ಚಾರ್ಜರನ್ನೋ ಜನರೇಟರಿಗೇ ನೇರವಾಗಿ ಹಾಕಿಕೊಳ್ಳಿ. ಯಂತ್ರ ಹೊರಗೆ, ಕಿಟಕಿಯಿಂದ 20 ಅಡಿ ದೂರ ಇರಲಿ. ಮೆಟ್ಟಿಲ ಕೆಳಗೆ, ಪೋರ್ಟಿಕೋದಲ್ಲಿ ಇಟ್ಟರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಒಳಗೆ ಸೇರಿ ಮಲಗಿದವರನ್ನು ಕೊಲ್ಲುತ್ತದೆ.

ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗಿರುತ್ತದೆ. ಇನ್ಸುಲಿನ್ ಇರುವವರು ಗಾಬರಿಯಾಗಬೇಡಿ. ಈಗ ಬಳಸುತ್ತಿರುವ ಬಾಟಲಿ ಅಥವಾ ಪೆನ್ ನಮ್ಮ ಊರಿನ ಈ ಹವೆಯಲ್ಲಿ ಹೊರಗಿದ್ದರೂ ಒಂದು ರಾತ್ರಿಗೆ ಕೆಡುವುದಿಲ್ಲ. ಐಸಿನ ಮೇಲೆ ನೇರವಾಗಿ ಇಟ್ಟರೆ ಕೆಡುತ್ತದೆ. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಯಾರಾದರೂ ಇದ್ದರೆ ಯುಪಿಎಸ್ ಮುಗಿಯುವ ತನಕ ಕಾಯದೆ ಈಗಲೇ 108ಕ್ಕೆ ಕರೆ ಮಾಡಿ. ಇಂಥವರು 6ನೇ ಕ್ರಾಸಿನಲ್ಲಿ ಒಬ್ಬರಿದ್ದಾರೆ, ಅವರನ್ನು ಬಿ.ಎಚ್. ರಸ್ತೆಯ ಜಿಲ್ಲಾ ಆಸ್ಪತ್ರೆಗೆ ಸೇರಿಸಿ ಆಗಿದೆ.

ಮುಂದಿನ ಸಂದೇಶ 12:15ಕ್ಕೆ.

ಸಂದೇಶ 3. ರಾತ್ರಿ 12:15

ಮಳೆ ನಿಂತಿದೆ. 4ನೇ ಕ್ರಾಸಿನ ಕಾಂಪೌಂಡ್ ಗೋಡೆಯ ಮೇಲಿನ ಗುರುತಿಗಿಂತ ನೀರು ನಾಲ್ಕು ಬೆರಳು ಇಳಿದಿದೆ. ಕರೆಂಟ್ ಇಲ್ಲ.

5ನೇ ಕ್ರಾಸ್ ಮೂಲೆಯಲ್ಲಿ ಹೊಂಗೆ ಕೊಂಬೆ ಬಿದ್ದು ಲೈನ್ ತುಂಡಾಗಿ ನೆಲಕ್ಕೆ ಬಂದಿದೆ. 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆದಿದ್ದೇವೆ, ಅದೇ ದೂರನ್ನು ಮತ್ತೆ ಕೊಡುವುದು ಬೇಡ, ಫೋನ್ ಲೈನ್ ಬೇರೆಯವರಿಗೆ ಬಿಡಿ. ಫೀಡರ್ ಬಂದ್ ಇದ್ದರೂ ಆ ತಂತಿಯಲ್ಲಿ ಕರೆಂಟ್ ಇದೆ ಎಂದೇ ತಿಳಿಯಿರಿ, ಕಾರಣ ಮೇಲೆ ಹೇಳಿದ ಜನರೇಟರ್. ಕೋಲಿನಿಂದ ಸರಿಸಲು ಹೋಗಬೇಡಿ, ಒದ್ದೆ ಕೋಲಿನಲ್ಲೂ ಕರೆಂಟ್ ಹರಿಯುತ್ತದೆ. ಎರಡೂ ಕಡೆ ಹಗ್ಗ ಕಟ್ಟಿ ಸ್ಕೂಟರ್ ಅಡ್ಡ ನಿಲ್ಲಿಸಿದ್ದೇವೆ.

ಬೆಳಿಗ್ಗೆ 6:30ಕ್ಕೆ ಮುಂದಿನ ಸಂದೇಶ. ಫೋನ್ ಬ್ಯಾಟರಿ ಉಳಿಸಿ, ಮಲಗಿ. 3, 4, 5ನೇ ಕ್ರಾಸಿನ ಪ್ರತಿನಿಧಿಗಳು ಸರದಿಯಲ್ಲಿ ಎದ್ದಿರುತ್ತಾರೆ.

ಸಂದೇಶ 4. ಅಕ್ಟೋಬರ್ 15, ಬುಧವಾರ, ಬೆಳಿಗ್ಗೆ 6:30

ರಸ್ತೆಯಲ್ಲಿ ನೀರಿಲ್ಲ, ಕೆಸರಿದೆ. ತುಂಡಾದ ಲೈನನ್ನು ಬೆಸ್ಕಾಂನವರು ಈಗ ಕಟ್ಟುತ್ತಿದ್ದಾರೆ. ಅವರು ಸ್ಥಳದಲ್ಲೇ ಹೇಳಿದ್ದು: ಮೊದಲು 1, 2, 6, 7ನೇ ಕ್ರಾಸಿಗೆ ಕೊಡುತ್ತಾರೆ. 3, 4, 5ಕ್ಕೆ ಟಿಸಿ ಪರೀಕ್ಷೆ ಮಾಡಿದ ಮೇಲೆ. ನೀರು ಮೀಟರ್ ಬೋರ್ಡ್ ಮುಟ್ಟಿದ ಮನೆಗಳು ಅದಕ್ಕೆ ಮುಂಚೆ ನಮಗೆ ತಿಳಿಸಬೇಕು. ಬಿಲ್ಲಿನ ಮೇಲಿನ ಅಕೌಂಟ್ ಐಡಿ ಜೊತೆಗೆ ಕಳಿಸಿ, ಒಂದೇ ಪಟ್ಟಿ ಮಾಡಿ ಸೆಕ್ಷನ್ ಕಚೇರಿಗೆ ಕೊಡುತ್ತೇವೆ.

ನೀರು ನುಗ್ಗಿದ ಮನೆಗೆ ಹೋದ ಕೂಡಲೇ ಸ್ವಿಚ್ ಮುಟ್ಟಬೇಡಿ, ಟಾರ್ಚ್ ಬಳಸಿ. ಗ್ಯಾಸ್ ವಾಸನೆ ಇದ್ದರೆ ಬೆಂಕಿಕಡ್ಡಿ ಗೀರದೆ ಬಾಗಿಲು, ಕಿಟಕಿ ತೆಗೆದು ಹೊರಗೆ ಬನ್ನಿ. ವಾಸನೆ ಇಲ್ಲದಿದ್ದರೆ ಎಲ್ಲ ಎಂಸಿಬಿ ಇಳಿಸಿ, ಎಲ್ಲ ಪ್ಲಗ್ ಕೀಳಿ. ಕರೆಂಟ್ ಬಂದ ಮೇಲೆ ಮೊದಲು ಮೇನ್, ಆಮೇಲೆ ಒಂದೊಂದೇ ಎಂಸಿಬಿ ಏರಿಸಿ. ಯಾವುದನ್ನು ಏರಿಸಿದಾಗ ಆರ್‌ಸಿಸಿಬಿ ಬೀಳುತ್ತದೋ ಆ ಸರ್ಕ್ಯೂಟಿನಲ್ಲಿ ತೇವವಿದೆ, ಅದನ್ನು ಆಫ್‌ನಲ್ಲೇ ಬಿಡಿ. ಮತ್ತೆ ಮತ್ತೆ ಏರಿಸಿದರೆ ಒಣಗುವುದಿಲ್ಲ. ಒದ್ದೆಯಾದ ಸಾಕೆಟ್, ಫ್ರಿಜ್, ವಾಷಿಂಗ್ ಮೆಷಿನ್, ಮೋಟರ್‌ಗಳನ್ನು ಎಲೆಕ್ಟ್ರಿಷಿಯನ್ ಮೆಗ್ಗರ್ ಹಿಡಿದು ನೋಡಿದ ಮೇಲೆಯೇ ಹಾಕಿ. ಹೊರಗೆ ಒಣಗಿದಂತೆ ಕಂಡರೂ ವೈಂಡಿಂಗಿನೊಳಗೆ ನೀರು ದಿನಗಟ್ಟಲೆ ನಿಲ್ಲುತ್ತದೆ.

ಕರೆಂಟ್ ಬಂದಾಗ ಕೆಲವು ದೀಪ ವಿಪರೀತ ಬೆಳಗಿ ಕೆಲವು ಮಂಕಾದರೆ, ಫ್ಯಾನ್ ಭರ್ರನೆ ತಿರುಗಿದರೆ ತಕ್ಷಣ ಮೇನ್ ಇಳಿಸಿ 1912ಕ್ಕೆ "ನ್ಯೂಟ್ರಲ್ ಕಟ್" ಎಂದು ಹೇಳಿ. ಕೊಂಬೆ ಬಿದ್ದ ಲೈನಿನಲ್ಲಿ ಇದು ಆಗುವ ಸಂಭವ ಹೆಚ್ಚು. 230 ಬರಬೇಕಾದ ಕಡೆ 400 ವೋಲ್ಟಿನ ಹತ್ತಿರ ಬಂದು ಟಿವಿ, ಫ್ರಿಜ್ ಒಟ್ಟಿಗೆ ಸುಡುತ್ತವೆ.

ಸಂಪಿಗೆ ಹೊರಗಿನ ನೀರು ಇಳಿದಿದ್ದರೆ ಪೂರ್ತಿ ಖಾಲಿ ಮಾಡಿಸಿ, ಗೋಡೆ ಉಜ್ಜಿಸಿ, ಮತ್ತೆ ತುಂಬಿ. 1,000 ಲೀಟರಿಗೆ 150 ಗ್ರಾಂನಂತೆ ಬ್ಲೀಚಿಂಗ್ ಪೌಡರ್ ಬಕೆಟಿನಲ್ಲಿ ಕದಡಿ, ಗಷ್ಟು ಕೆಳಗೆ ಬಿಟ್ಟು ತಿಳಿನೀರನ್ನು ಸುರಿಯಿರಿ. ಒಂದು ದಿನ ಬಿಟ್ಟು ಆ ನೀರನ್ನು ಚೆಲ್ಲಿ, ಕುಡಿಯಲು ಅಲ್ಲ. ಆಮೇಲೆ ತುಂಬುವ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಸಾಕು, ಅರ್ಧ ಗಂಟೆ ಬಿಟ್ಟು ಬಳಸಬಹುದು. ಹಳೆಯ, ತೆರೆದಿಟ್ಟ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ, ಹೊಸ ಪ್ಯಾಕೆಟ್ ತನ್ನಿ. ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಸಂಪಿನೊಳಗೆ ಇಳಿಯುವ ಮುಂಚೆ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ಕಾಯಬೇಕು. ಒಳಗಿದ್ದವರು ಕುಸಿದರೆ ಹಿಂದೆಯೇ ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಎಷ್ಟೋ ಕಡೆ ಎರಡನೆಯ ಸಾವು ಹೀಗೆ ಆಗಿದೆ. ಸಂಪು ಶುದ್ಧವಾಗುವ ತನಕ ಕುಡಿಯುವ ನೀರು ಕೊತಕೊತ ಕುದಿಸಿದ್ದೇ ಇರಲಿ.

ಶೂ ಜಾಡಿಸಿ ಹಾಕಿ, ಸೌದೆ, ಹಳೆ ಪಾತ್ರೆಗಳ ಸಂದಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ ನೋಡಿ. 3ನೇ ಕ್ರಾಸಿನಲ್ಲಿ ಬೆಳಿಗ್ಗೆ ಹಾವು ಕಂಡಿದೆ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಆ ಅಂಗ ಅಲುಗದಂತೆ ಇಟ್ಟು ನೇರ ಜಿಲ್ಲಾ ಆಸ್ಪತ್ರೆಗೆ.

ಕೆಸರು ಎತ್ತುವ ಮುಂಚೆ ಗೋಡೆಯ ಮೇಲಿನ ನೀರಿನ ಗುರುತು ಕಾಣುವಂತೆ ಪ್ರತಿ ಕೋಣೆಯ ಫೋಟೋ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಹಾನಿಯ ಮಹಜರಿಗೆ ಬಂದಾಗ ಬೇಕಾಗುತ್ತದೆ.

ಗುಂಪು ಈಗ ಎಲ್ಲರಿಗೂ ತೆರೆದಿದೆ. ಸಂದೇಶ 1, 2, 3 ಇನ್ನು ಅನ್ವಯಿಸುವುದಿಲ್ಲ, ಬೇರೆ ಗುಂಪಿಗೆ ಫಾರ್ವರ್ಡ್ ಮಾಡಬೇಡಿ. 3, 4, 5ನೇ ಕ್ರಾಸಿಗೆ ಕರೆಂಟ್ ಬಿಡುವ ಹದಿನೈದು ನಿಮಿಷ ಮುಂಚೆ ಸಂದೇಶ 5 ಬರುತ್ತದೆ. ಅದು ಬರುವ ತನಕ ಆ ಮೂರು ಕ್ರಾಸಿನ ಮೇನ್‌ಗಳು ಆಫ್‌ನಲ್ಲೇ ಇರಲಿ.